ನೋವಿನ ಮಾತ್ರೆ ಹೊಟ್ಟೆಗೂ ಕಿಡ್ನಿಗೂ ಯಾಕೆ ಏಟು ಕೊಡುತ್ತದೆ?

ಐಬುಪ್ರೊಫೇನ್ ನುಂಗಿ ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಮಂಡಿನೋವು ತಗ್ಗುತ್ತದೆ. ನೋವು ಮಂಡಿಯಲ್ಲಿದೆ ಅಂತ ಮಾತ್ರೆಗೆ ಹೇಗೆ ಗೊತ್ತಾಯಿತು? ಗೊತ್ತಾಗಲೇ ಇಲ್ಲ. ಅದು ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತಿತು, ಮಂಡಿಯಲ್ಲಿ ಏನು ಮಾಡಿತೋ ಅದನ್ನೇ ಹೊಟ್ಟೆಯಲ್ಲೂ ಮಾಡಿತು, ಕಿಡ್ನಿಯಲ್ಲೂ ಮಾಡಿತು. ಮಂಡಿಯಲ್ಲಿ ಆದದ್ದು ನಮಗೆ ಬೇಕಿತ್ತು, ಹಾಗಾಗಿ ಅದನ್ನು ಪರಿಣಾಮ ಅನ್ನುತ್ತೇವೆ. ಉಳಿದ ಕಡೆ ಆದದ್ದಕ್ಕೆ ಅಡ್ಡಪರಿಣಾಮ ಎಂದು ಹೆಸರು. ಮಾತ್ರೆಯ ಮಟ್ಟಿಗೆ ಎಲ್ಲವೂ ಒಂದೇ ಕೆಲಸ.

ಆ ಕೆಲಸ ಏನು ಅಂತ ನೋಡೋಣ. ನಮ್ಮ ಒಂದೊಂದು ಜೀವಕೋಶದ ಸುತ್ತಲೂ ಕೊಬ್ಬಿನ ಪೊರೆ ಇದೆ. ಆ ಪೊರೆಯಲ್ಲಿ ಅರಾಕಿಡಾನಿಕ್ ಆಮ್ಲ ಎಂಬ, 20 ಇಂಗಾಲದ ಉದ್ದನೆಯ ಎಳೆ ಸೇರಿಕೊಂಡಿರುತ್ತದೆ. ಕಾಲು ಉಳುಕಿತು, ಚರ್ಮ ಸುಟ್ಟಿತು, ಸೋಂಕು ತಗುಲಿತು ಎಂದರೆ ಒಂದು ಕಿಣ್ವ ಬಂದು ಆ ಎಳೆಯನ್ನು ಪೊರೆಯಿಂದ ಕತ್ತರಿಸಿ ಬಿಡಿಸುತ್ತದೆ. ಬಿಡುಗಡೆಯಾದ ಎಳೆಯನ್ನು ಇನ್ನೊಂದು ಕಿಣ್ವ ಹಿಡಿದು, ಆಮ್ಲಜನಕ ಸೇರಿಸಿ, ಮಡಚಿ ಬೇರೆ ಆಕಾರಕ್ಕೆ ತರುತ್ತದೆ. ಈ ಎರಡನೇ ಕಿಣ್ವದ ಹೆಸರು ಸೈಕ್ಲೊಆಕ್ಸಿಜನೇಸ್, ಎಲ್ಲರೂ ಚಿಕ್ಕದಾಗಿ ಕಾಕ್ಸ್ ಅನ್ನುತ್ತಾರೆ. ಕಾಕ್ಸ್ ಕೈಯಿಂದ ಹೊರಬಂದ ವಸ್ತುವಿನಿಂದಲೇ ಮುಂದೆ ಬಗೆಬಗೆಯ ಪ್ರೊಸ್ಟಗ್ಲ್ಯಾಂಡಿನ್‌ಗಳು ಆಗುತ್ತವೆ.

ಹೆಸರು ಪ್ರಾಸ್ಟೇಟ್ ಗ್ರಂಥಿಯಿಂದ ಬಂತು. 1935ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ವೀರ್ಯದಲ್ಲಿ ಈ ವಸ್ತುವನ್ನು ಕಂಡು, ಪ್ರಾಸ್ಟೇಟ್‌ನಲ್ಲೇ ಇದು ತಯಾರಾಗುತ್ತದೆ ಎಂದುಕೊಂಡು ಹಾಗೆ ಹೆಸರಿಟ್ಟರು. ಆಮೇಲೆ ನೋಡಿದರೆ ದೇಹದ ಹೆಚ್ಚುಕಡಿಮೆ ಎಲ್ಲ ಕಡೆಯೂ ಅದು ತಯಾರಾಗುತ್ತದೆ. ಹೆಸರು ತಪ್ಪು ಅಂತ ಗೊತ್ತಾದರೂ ಹಾಗೇ ಉಳಿಯಿತು.

ಪ್ರೊಸ್ಟಗ್ಲ್ಯಾಂಡಿನ್‌ಗಳದ್ದು ಒಂದು ಸ್ವಭಾವವಿದೆ, ಅದು ಗೊತ್ತಿದ್ದರೆ ಮುಂದಿನದ್ದೆಲ್ಲ ಸುಲಭ. ಇನ್ಸುಲಿನ್ ಥರ ಇವು ಒಂದೇ ಗ್ರಂಥಿಯಲ್ಲಿ ಹುಟ್ಟಿ ದೂರ ಹೋಗುವಂಥವಲ್ಲ. ಕೂಡಿಟ್ಟುಕೊಳ್ಳುವುದೂ ಇಲ್ಲ. ಬೇಕಾದಾಗ, ಬೇಕಾದ ಜಾಗದಲ್ಲಿ ತಯಾರಾಗುತ್ತವೆ, ಪಕ್ಕದ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆ, ಬಹಳ ಬೇಗ ನಾಶವಾಗುತ್ತವೆ. ಹಾಗಾಗಿ ಯಾವ ಸುದ್ದಿ ಅನ್ನುವುದು ಊರಿಂದ ಊರಿಗೆ ಬೇರೆ. ಮಂಡಿಯಲ್ಲಿ ಒಂದು, ಹೊಟ್ಟೆಯಲ್ಲಿ ಇನ್ನೊಂದು, ಕಿಡ್ನಿಯಲ್ಲಿ ಮತ್ತೊಂದು.

ಮಂಡಿಯಲ್ಲಿ ಅವು ಕೊಡುವ ಸುದ್ದಿ ನೋವಿನದ್ದೇ ಅಂತ ಅನ್ನಿಸುತ್ತದೆ, ಅಲ್ವಾ? ನಿಜವಾಗಿ ಹಾಗಲ್ಲ. ಪ್ರೊಸ್ಟಗ್ಲ್ಯಾಂಡಿನ್ ನೋವು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ನೋವಿನ ನರವನ್ನು ಸೂಕ್ಷ್ಮ ಮಾಡುತ್ತದೆ. ಉಳುಕಿದ ಕಾಲಿನ ಮೇಲೆ ಬೆಡ್‌ಶೀಟ್ ತಾಗಿದರೂ ಅಯ್ಯೋ ಅನ್ನಿಸುತ್ತದಲ್ಲ, ಅದು ಇದರ ಕೆಲಸ. ಬೇರೆ ದಿನ ನರ ಲೆಕ್ಕಕ್ಕೇ ತೆಗೆದುಕೊಳ್ಳದಂಥ ಸ್ಪರ್ಶ ಈಗ ನೋವಾಗಿ ಕೇಳಿಸುತ್ತದೆ. ಐಬುಪ್ರೊಫೇನ್ ಕಾಕ್ಸ್ ಕಿಣ್ವವನ್ನು ತಡೆದರೆ ಹೊಸ ಪ್ರೊಸ್ಟಗ್ಲ್ಯಾಂಡಿನ್ ತಯಾರಾಗುವುದಿಲ್ಲ, ಹಳೆಯದು ಬೇಗ ಕರಗುತ್ತದೆ, ನರ ತನ್ನ ಮೊದಲಿನ ಮಟ್ಟಕ್ಕೆ ಮರಳುತ್ತದೆ. ಉಳುಕು ಹಾಗೇ ಇರುತ್ತದೆ.

ತಡೆಯುವುದು ಹೇಗೆ ಅನ್ನುವುದೂ ಚೆನ್ನಾಗಿದೆ. ಕಾಕ್ಸ್ ಕಿಣ್ವದೊಳಗೆ ಒಂದು ಸಣ್ಣ ಸುರಂಗವಿದೆ. ಅರಾಕಿಡಾನಿಕ್ ಎಳೆ ಅದರ ಬಾಯಿಂದ ನುಗ್ಗಿ ಒಳಗಿನ ತುದಿಗೆ ತಲುಪಿದರೆ ಮಾತ್ರ ಕೆಲಸ ಆಗುತ್ತದೆ. ಐಬುಪ್ರೊಫೇನ್ ಅದೇ ಸುರಂಗದೊಳಗೆ ಹೋಗಿ ಕೂತುಬಿಡುತ್ತದೆ, ದಾರಿ ಬಂದ್. ಆದರೆ ಅದು ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲ. ರಕ್ತದಲ್ಲಿ ಅದರ ಪ್ರಮಾಣ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ, ಇಳಿಯುತ್ತಾ ಹೋದಂತೆ ಸುರಂಗ ಮತ್ತೆ ತೆರೆದುಕೊಳ್ಳುತ್ತದೆ. ಅದಕ್ಕೇ ಆರೆಂಟು ಗಂಟೆಗೆ ನೋವು ವಾಪಸ್ ಬರುವುದು. ಆಸ್ಪಿರಿನ್ ಹಾಗಲ್ಲ, ಅದು ಸುರಂಗದ ಗೋಡೆಗೆ ತನ್ನದೊಂದು ತುಣುಕನ್ನು ಕಾಯಂ ಆಗಿ ಅಂಟಿಸಿ ಹೋಗುತ್ತದೆ, ಆ ಕಿಣ್ವದ ಕಥೆ ಅಲ್ಲಿಗೆ ಮುಗಿಯಿತು.

ತಮಾಷೆ ಏನೆಂದರೆ ಐಬುಪ್ರೊಫೇನ್ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದದ್ದು 1969ರಲ್ಲಿ. ಆಸ್ಪಿರಿನ್ ಜಾತಿಯ ಔಷಧಗಳು ಪ್ರೊಸ್ಟಗ್ಲ್ಯಾಂಡಿನ್ ತಯಾರಿಯನ್ನೇ ನಿಲ್ಲಿಸುತ್ತವೆ ಅಂತ ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಅಂದರೆ ಮೊದಲ ಎರಡು ವರ್ಷ ಜನ ಅದನ್ನು ನುಂಗಿದ್ದು ಹೇಗೆ ಕೆಲಸ ಮಾಡುತ್ತದೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲದೆಯೇ. ವೇನ್ ಅವರಿಗೆ 1982ರಲ್ಲಿ ಇಬ್ಬರು ಸ್ವೀಡಿಷ್ ವಿಜ್ಞಾನಿಗಳ ಜೊತೆ ನೊಬೆಲ್ ಬಂತು.

ಈಗ ಹೊಟ್ಟೆಗೆ ಬರೋಣ.

ಹೊಟ್ಟೆಯೊಳಗಿನ ಆಮ್ಲದ ಪಿಎಚ್ 1ರಿಂದ 2ರ ಆಸುಪಾಸು. ಮಾಂಸದ ತುಂಡನ್ನು ಕರಗಿಸುವ ಆ ಆಮ್ಲ ಹೊಟ್ಟೆಯ ಗೋಡೆಯನ್ನು ಯಾಕೆ ಕರಗಿಸುವುದಿಲ್ಲ? ಗೋಡೆಯೂ ಮಾಂಸವೇ ತಾನೆ. ಕಾರಣ, ಗೋಡೆಯ ಮೇಲೆ ಒಂದು ಮಿಲಿಮೀಟರಿಗಿಂತಲೂ ತೆಳ್ಳಗಿನ ಲೋಳೆಯ ಪದರ ಹರಡಿಕೊಂಡಿದೆ. ಬರೀ ಲೋಳೆ ಸಾಲದು. ಕೆಳಗಿನ ಕೋಶಗಳು ಆ ಲೋಳೆಯೊಳಕ್ಕೆ ಬೈಕಾರ್ಬೊನೇಟ್ ಬಿಡುತ್ತಲೇ ಇರುತ್ತವೆ. ಇದು ಅಡುಗೆ ಸೋಡಾದಲ್ಲಿ ಇರುವಂಥದ್ದೇ. ಮೇಲಿಂದ ಇಳಿಯುವ ಆಮ್ಲವೂ ಕೆಳಗಿಂದ ಏರುವ ಬೈಕಾರ್ಬೊನೇಟೂ ಲೋಳೆಯ ನಡುವೆ ಎದುರಾಗಿ ಒಂದನ್ನೊಂದು ತಣ್ಣಗೆ ಮಾಡುತ್ತವೆ. ಲೋಳೆಯ ಮೇಲುಗಡೆ ಪಿಎಚ್ 2 ಇದ್ದರೆ, ಅದೇ ಲೋಳೆಯ ತಳದಲ್ಲಿ, ಕೋಶಕ್ಕೆ ತಾಗುವ ಜಾಗದಲ್ಲಿ, ಹೆಚ್ಚುಕಡಿಮೆ 7. ಕೂದಲೆಳೆಯಷ್ಟು ದೂರದಲ್ಲಿ ಇಷ್ಟು ವ್ಯತ್ಯಾಸ. ಇದರ ಕೆಳಗೆ ಸಣ್ಣ ರಕ್ತನಾಳಗಳ ಬಲೆ ಇದೆ. ಎಲ್ಲಾದರೂ ಆಮ್ಲ ನುಸುಳಿದರೆ ಹರಿಯುವ ರಕ್ತ ಅದನ್ನು ತೊಳೆದುಕೊಂಡು ಹೋಗುತ್ತದೆ, ಸತ್ತ ಕೋಶದ ಜಾಗ ತುಂಬಲು ಬೇಕಾದ ಸಾಮಾನನ್ನೂ ತಂದುಕೊಡುತ್ತದೆ.

ಈ ಲೋಳೆ ಸುರಿಸು, ಬೈಕಾರ್ಬೊನೇಟ್ ಬಿಡು, ರಕ್ತ ಹರಿಯಲು ಬಿಡು, ಆಮ್ಲ ಸ್ವಲ್ಪ ಕಮ್ಮಿ ಮಾಡು ಅಂತ ಹೇಳುವುದು ಯಾರು? ಅದೇ ಪ್ರೊಸ್ಟಗ್ಲ್ಯಾಂಡಿನ್. ಮಂಡಿಯಲ್ಲಿ ನಮಗೆ ಬೇಡವಾಗಿದ್ದವನು ಹೊಟ್ಟೆಯಲ್ಲಿ ಕಾವಲುಗಾರ. ಐಬುಪ್ರೊಫೇನ್ ಇಬ್ಬರನ್ನೂ ಒಟ್ಟಿಗೆ ಕಳಿಸುತ್ತದೆ. ಲೋಳೆ ತೆಳ್ಳಗಾಗುತ್ತದೆ, ರಕ್ತ ಕಮ್ಮಿ ಬರುತ್ತದೆ. ಆಮ್ಲ ಹೊಸದಾಗಿ ಏನೂ ಮಾಡಬೇಕಿಲ್ಲ, ಮೊದಲು ಎಲ್ಲಿತ್ತೋ ಅಲ್ಲೇ ಇದ್ದರೆ ಸಾಕು. ಗೋಡೆಯ ಮೇಲೆ ಮೊದಲು ಸಣ್ಣ ತರಚುಗಾಯಗಳು ಕಾಣುತ್ತವೆ. ಅವು ಮೇಲುಮೇಲಿನವು, ಬೇಗ ವಾಸಿಯಾಗುತ್ತವೆ. ಮಾತ್ರೆ ನಿಲ್ಲದೆ ಮುಂದುವರಿದರೆ ಕೆಲವರಲ್ಲಿ ಅದರಲ್ಲೊಂದು ಆಳಕ್ಕೆ ಇಳಿದು ಹುಣ್ಣಾಗುತ್ತದೆ, ಹುಣ್ಣಿನ ತಳದಲ್ಲಿ ಒಂದು ರಕ್ತನಾಳ ಸಿಕ್ಕಿಬಿಟ್ಟರೆ ರಕ್ತ ಸೋರುತ್ತದೆ.

ಇಲ್ಲೇ ಒಂದು ದೊಡ್ಡ ತಪ್ಪು ತಿಳುವಳಿಕೆ ಇದೆ. ಖಾಲಿ ಹೊಟ್ಟೆಯಲ್ಲಿ ನುಂಗಬಾರದು, ಊಟದ ಮೇಲೆ ನುಂಗಿದರೆ ಏನೂ ಆಗಲ್ಲ ಅಂತ ನಾವೆಲ್ಲ ನಂಬಿದ್ದೇವೆ. ಅರ್ಧ ಸತ್ಯ. ಐಬುಪ್ರೊಫೇನ್ ಸ್ವತಃ ಒಂದು ದುರ್ಬಲ ಆಮ್ಲ. ಹೊಟ್ಟೆಯ ಆಮ್ಲದ ನಡುವೆ ಅದು ವಿದ್ಯುದಂಶ ಇಲ್ಲದ ರೂಪದಲ್ಲಿ ಇರುತ್ತದೆ, ಆ ರೂಪದಲ್ಲಿ ಕೋಶದ ಕೊಬ್ಬಿನ ಪೊರೆಯನ್ನು ಸರಾಗವಾಗಿ ದಾಟುತ್ತದೆ. ಒಳಗೆ ಪಿಎಚ್ 7ರ ಹತ್ತಿರ ಇರುವುದರಿಂದ ಅಲ್ಲಿ ಅದು ವಿದ್ಯುದಂಶ ಪಡೆಯುತ್ತದೆ, ಇನ್ನು ಹೊರಗೆ ಬರುವುದು ಕಷ್ಟ. ಹೀಗೆ ಒಳಗೇ ಸಿಕ್ಕಿಕೊಂಡು ಕೋಶದ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾವನ್ನು ಕೆಡಿಸುತ್ತದೆ. ಇದು ಮಾತ್ರೆ ನೇರವಾಗಿ ತಾಗಿದ್ದರಿಂದ ಆಗುವ ತೊಂದರೆ. ಊಟದ ಜೊತೆ ನುಂಗಿದರೆ ಉರಿ, ಹೊಟ್ಟೆ ತೊಳಸುವುದು ಕೆಲವರಿಗೆ ಕಮ್ಮಿಯಾಗುತ್ತದೆ ಅನ್ನುವುದು ಈ ಕಡೆಯ ಮಾತು.

ಆದರೆ ದೊಡ್ಡ ಹುಣ್ಣುಗಳ ಹಿಂದಿರುವುದು ಮುಖ್ಯವಾಗಿ ಇನ್ನೊಂದು ದಾರಿ, ರಕ್ತದ ದಾರಿ. ಹೇಗೆ ಗೊತ್ತು? ಹೊಟ್ಟೆಯಲ್ಲಿ ಕರಗದ ಹಾಗೆ ಕವಚ ಹಾಕಿದ ಮಾತ್ರೆಯಿಂದಲೂ ಹುಣ್ಣಾಗುತ್ತದೆ. ಇದೇ ಜಾತಿಯ ಔಷಧವನ್ನು ಇಂಜೆಕ್ಷನ್ ಕೊಟ್ಟರೂ, ಗುದದ ಮೂಲಕ ಇಟ್ಟರೂ ಆಗುತ್ತದೆ. ಹೊಟ್ಟೆಯನ್ನು ಮುಟ್ಟದೆಯೇ ಹೊಟ್ಟೆ ಕೆಡುತ್ತದೆ ಎಂದರೆ ರಕ್ತದಲ್ಲಿ ಬಂದು ಕಾಕ್ಸ್ ಅನ್ನು ತಡೆದದ್ದೇ ಕಾರಣ ಇರಬೇಕು. ಹಾಗಾಗಿ ಹೊಟ್ಟೆ ತುಂಬ ಉಂಡು ಮೇಲೆ ಮಾತ್ರೆ ನುಂಗಿದವರು ಉರಿ ಇಲ್ಲ ಅಂದ ಮಾತ್ರಕ್ಕೆ ಗೋಡೆ ಸರಿಯಾಗಿದೆ ಅಂತ ಹೇಳಲಾಗದು.

ಇದಕ್ಕಿಂತ ಕೆಟ್ಟದ್ದು ಏನು ಗೊತ್ತಾ? ಈ ಹುಣ್ಣು ಎಷ್ಟೋ ಸಲ ನೋಯುವುದೇ ಇಲ್ಲ. ಅದರಲ್ಲೂ ವಯಸ್ಸಾದವರಲ್ಲಿ. ಹುಣ್ಣು ಮಾಡಿದ್ದೂ ನೋವಿನ ಮಾತ್ರೆ, ಅದರ ನೋವನ್ನು ಮುಚ್ಚಿಟ್ಟದ್ದೂ ಅದೇ ಇರಬಹುದು. ಮೊದಲ ಸೂಚನೆಯಾಗಿ ಬರುವುದು ಡಾಂಬರಿನ ಹಾಗೆ ಕಪ್ಪಗೆ, ಜಿಗುಟಾಗಿ, ವಿಚಿತ್ರ ನಾತದ ಮಲ. ರಕ್ತ ಆಮ್ಲದಲ್ಲಿ ಬೆಂದು, ಕರುಳಲ್ಲಿ ಜೀರ್ಣವಾಗಿ ಆ ಬಣ್ಣಕ್ಕೆ ಬರುತ್ತದೆ. ಕೆಂಪಗಿಲ್ಲವಲ್ಲ ಅಂತ ಸುಮ್ನಿರುವಂತಿಲ್ಲ. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಅದು ಹೀಗೆ ಜಿಗುಟಾಗಿ, ನಾತವಾಗಿ ಇರುವುದಿಲ್ಲ. ಕಾಫಿ ಪುಡಿ ಕಲಸಿದಂಥ ವಾಂತಿ, ಎದ್ದು ನಿಂತರೆ ತಲೆ ಸುತ್ತುವುದು, ಇವೂ ಅದೇ ಸಾಲಿನವು. ಇವು ಕಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಒಂದು ಸೇರ್ಪಡೆ: ರಕ್ತ ಹೆಪ್ಪುಗಟ್ಟಿಸಲು ಮುಂದಾಗುವ ಪ್ಲೇಟ್ಲೆಟ್ ಕಣಗಳೂ ಕಾಕ್ಸ್ ನಂಬಿಕೊಂಡಿವೆ. ಅಂದರೆ ಗೋಡೆಯಲ್ಲಿ ತೂತು ಮಾಡಿದ ಮಾತ್ರೆಯೇ ತೂತು ಮುಚ್ಚುವವರ ಕೈಯನ್ನೂ ಸ್ವಲ್ಪ ಕಟ್ಟಿರುತ್ತದೆ. ರಕ್ತ ತೆಳ್ಳಗಾಗಿಸುವ ಮಾತ್ರೆ, ಸ್ಟೆರಾಯ್ಡ್ ಮಾತ್ರೆ ಜೊತೆಗೆ ಇದ್ದವರಿಗೆ, ಹಿಂದೊಮ್ಮೆ ಹುಣ್ಣಾದವರಿಗೆ ಅಪಾಯ ಜಾಸ್ತಿ ಆಗುವುದು ಆಶ್ಚರ್ಯವೇನಲ್ಲ.

ದಿನಾ ತೆಗೆದುಕೊಳ್ಳಲೇಬೇಕಾದವರಿಗೆ ವೈದ್ಯರು ಜೊತೆಗೆ ಒಮೆಪ್ರಜೋಲ್ ಥರದ ಮಾತ್ರೆ ಬರೆಯುತ್ತಾರೆ. ಅದು ಕಾವಲುಗಾರನನ್ನು ವಾಪಸ್ ತರುವುದಿಲ್ಲ, ಕಳ್ಳನನ್ನು ಕಮ್ಮಿ ಮಾಡುತ್ತದೆ, ಅಂದರೆ ಆಮ್ಲವನ್ನು. ಹೊಟ್ಟೆಗೂ ಅದರ ಪಕ್ಕದ ಕರುಳಿನ ಮೊದಲ ತುಂಡಿಗೂ ಇದು ಚೆನ್ನಾಗಿ ರಕ್ಷಣೆ ಕೊಡುತ್ತದೆ. ಕೆಳಗಿನ ಸಣ್ಣ ಕರುಳಿಗೆ ಇಲ್ಲ, ಯಾಕೆಂದರೆ ಅಲ್ಲಿ ಆಮ್ಲದ ಕಾಟವೇ ಮುಖ್ಯವಲ್ಲ. ಕಿಡ್ನಿಗಂತೂ ಅದರಿಂದ ಏನೂ ಉಪಯೋಗವಿಲ್ಲ. ಗ್ಯಾಸ್ ಮಾತ್ರೆ ಜೊತೆಗಿದೆಯಲ್ಲ ಅಂತ ಧೈರ್ಯವಾಗಿರುವವರು ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಬೇಕು.

ಕಿಡ್ನಿಯ ವಿಷಯವೇ ನನಗೆ ಹೆಚ್ಚು ಹೇಳಬೇಕಿರುವುದು, ಯಾಕೆಂದರೆ ಹೊಟ್ಟೆಯ ಬಗ್ಗೆ ಎಲ್ಲರಿಗೂ ಒಂದಿಷ್ಟು ಗೊತ್ತು, ಇದರ ಬಗ್ಗೆ ಬಹಳ ಜನರಿಗೆ ಗೊತ್ತಿಲ್ಲ.

ಎರಡೂ ಕಿಡ್ನಿ ಸೇರಿ ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು ರಕ್ತ ಪಡೆಯುತ್ತವೆ. ಹೃದಯ ತಳ್ಳುವ ರಕ್ತದಲ್ಲಿ ಐದನೇ ಒಂದು ಭಾಗ ಈ ಎರಡು ಮುಷ್ಟಿಗಾತ್ರದ ಅಂಗಗಳಿಗೆ ಹೋಗುತ್ತದೆ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸೋಸುವ ಗಂಟುಗಳಿವೆ. ಒಂದು ಗಂಟು ಎಂದರೆ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳ ಉಂಡೆ. ಉಂಡೆಯೊಳಗೆ ರಕ್ತ ಬರಲು ಒಂದು ನಾಳ, ಹೊರಗೆ ಹೋಗಲು ಇನ್ನೊಂದು ನಾಳ. ಈ ಎರಡು ಬಾಗಿಲ ನಡುವಿನ ಒತ್ತಡದಿಂದಲೇ ನೀರು, ಉಪ್ಪು, ಕೊಳೆ ಹೊರಕ್ಕೆ ಸೋಸಿ ಬರುತ್ತವೆ. ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ, ಅದರಲ್ಲಿ ಹೆಚ್ಚಿನದನ್ನು ವಾಪಸ್ ಹೀರಿಕೊಂಡು ಒಂದೂವರೆ ಲೀಟರಿನಷ್ಟು ಮೂತ್ರ ಮಾಡುತ್ತದೆ.

ಒತ್ತಡ ಸರಿಯಾಗಿರಲು ಎರಡು ಬಾಗಿಲನ್ನೂ ಹೊಂದಿಸುತ್ತಿರಬೇಕು. ಒಳಬಾಗಿಲು ಅಗಲಿಸಿದರೆ ಒತ್ತಡ ಏರುತ್ತದೆ. ಹೊರಬಾಗಿಲು ಬಿಗಿದರೂ ಏರುತ್ತದೆ, ತೋಟದ ಪೈಪಿನ ಬಾಯಿಗೆ ಬೆರಳು ಇಟ್ಟ ಹಾಗೆ. ಒಳಬಾಗಿಲು ತೆರೆದಿಡುವ ಕೆಲಸಕ್ಕೆ ಪ್ರೊಸ್ಟಗ್ಲ್ಯಾಂಡಿನ್ ಇದೆ. ಹೊರಬಾಗಿಲು ಬಿಗಿಯುವುದಕ್ಕೆ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನ್ ಇದೆ.

ಇಲ್ಲೊಂದು ಸೂಕ್ಷ್ಮ ಇದೆ. ಚೆನ್ನಾಗಿ ನೀರು ಕುಡಿದು ಆರೋಗ್ಯವಾಗಿರುವ ಮನುಷ್ಯನ ಕಿಡ್ನಿಯಲ್ಲಿ ಪ್ರೊಸ್ಟಗ್ಲ್ಯಾಂಡಿನ್‌ಗೆ ಹೆಚ್ಚು ಕೆಲಸವಿಲ್ಲ. ರಕ್ತ ಧಾರಾಳವಾಗಿ ಬರುತ್ತಿದೆ, ಬಾಗಿಲು ತಾನಾಗಿ ತೆರೆದಿದೆ. ಅಂಥವರು ಎರಡು ದಿನ ಐಬುಪ್ರೊಫೇನ್ ತಿಂದರೆ ಕಿಡ್ನಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಯಾಕೆಂದರೆ ಮಾತ್ರೆ ಕಿತ್ತುಕೊಂಡದ್ದು ಅವತ್ತು ಬೇಕೇ ಇರಲಿಲ್ಲ. ದೇಹದಲ್ಲಿ ನೀರು ಕಮ್ಮಿಯಾದ ದಿನ ಲೆಕ್ಕ ಬೇರೆ. ವಾಂತಿ, ಬೇಧಿ, ಜೋರು ಜ್ವರ, ಬಿಸಿಲಲ್ಲಿ ಗಂಟೆಗಟ್ಟಲೆ ಓಟ, ರಕ್ತ ಹೋಗಿರುವುದು, ಇಂಥ ಹೊತ್ತಲ್ಲಿ ಬಿಪಿ ಬೀಳದಿರಲಿ ಅಂತ ದೇಹ ಎಲ್ಲ ಕಡೆ ರಕ್ತನಾಳ ಬಿಗಿಯುತ್ತದೆ, ಕಿಡ್ನಿಯದ್ದೂ ಸೇರಿ. ಆಗ ಕಿಡ್ನಿ ತನ್ನ ಪಾಲಿನ ರಕ್ತ ಉಳಿಸಿಕೊಳ್ಳಲು ಪ್ರೊಸ್ಟಗ್ಲ್ಯಾಂಡಿನ್ ತಯಾರಿಸಿ ಒಳಬಾಗಿಲನ್ನು ಒತ್ತಿ ಹಿಡಿದಿರುತ್ತದೆ. ಆ ಕೈಯನ್ನು ತೆಗೆಸುವುದೇ ಐಬುಪ್ರೊಫೇನ್. ಅದೇ ಮಾತ್ರೆ, ಅದೇ 400 ಮಿಲಿಗ್ರಾಂ, ಹೋದ ತಿಂಗಳು ಏನೂ ಮಾಡದ್ದು ಈ ವಾರ ಏಟು ಕೊಡುತ್ತದೆ.

ಒಂದು ಉದಾಹರಣೆ ಕಟ್ಟಿ ನೋಡೋಣ. ವ್ಯಕ್ತಿ ಕಲ್ಪನೆಯವರು, ಆದರೆ ಇಂಥ ಸರಣಿ ವೈದ್ಯರಿಗೆ ಚಿರಪರಿಚಿತ. 68 ವರ್ಷದ ಒಬ್ಬ ಅಜ್ಜಿ. ಬಿಪಿಗೆ ಎರಡು ಮಾತ್ರೆ. ಒಂದು ಎನಲಾಪ್ರಿಲ್, ಇದು ಆಂಜಿಯೊಟೆನ್ಸಿನ್ ತಯಾರಾಗದಂತೆ ಮಾಡುತ್ತದೆ. ಇನ್ನೊಂದು ಮೂತ್ರ ಜಾಸ್ತಿ ಮಾಡಿಸಿ ಉಪ್ಪು, ನೀರು ಹೊರಹಾಕುವ ಮಾತ್ರೆ. ಮಂಡಿ ಸವೆದಿದೆ, ನೋವು ಹೆಚ್ಚಾದಾಗ ಐಬುಪ್ರೊಫೇನ್ 400 ಒಂದೊಂದು ತಿನ್ನುತ್ತಾರೆ. ಹಿಂದಿನ ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಸರಿಯಾಗಿ ಸೋಸುತ್ತಿದೆಯೇ ಅಂತ ತೋರಿಸುವ ಕ್ರಿಯಾಟಿನಿನ್ 0.9, ತೊಂದರೆ ಏನಿಲ್ಲ.

ಸೋಮವಾರ ಬೇಧಿ ಶುರುವಾಯಿತು, ವಾಂತಿಯೂ ಆಯಿತು. ಊಟ ಸೇರುತ್ತಿಲ್ಲ, ನೀರು ಕುಡಿದರೆ ವಾಪಸ್. ಆದರೆ ಶಿಸ್ತಿನ ಮನುಷ್ಯೆ, ಬಿಪಿ ಮಾತ್ರೆ ಎರಡನ್ನೂ ತಪ್ಪಿಸಲಿಲ್ಲ. ಮೈಕೈ ನೋವು, ಜ್ವರ ಅಂತ ಐಬುಪ್ರೊಫೇನ್ ಅನ್ನು ದಿನಕ್ಕೆ ಮೂರು ಮಾಡಿಕೊಂಡರು, ಅಂದರೆ 1200 ಮಿಲಿಗ್ರಾಂ. ಚೀಟಿ ಇಲ್ಲದೆ ಕೊಳ್ಳುವ ಮಾತ್ರೆಗೆ ಸಾಮಾನ್ಯವಾಗಿ ಹೇಳುವ ದಿನದ ಮಿತಿಯೂ ಅಷ್ಟೇ, ಮಿತಿ ದಾಟಲಿಲ್ಲ. ಇದನ್ನು ಗಮನಿಸಿ, ಪ್ರಮಾಣದ ಮಟ್ಟಿಗೆ ಆಕೆ ಯಾವ ನಿಯಮವನ್ನೂ ಮುರಿದಿಲ್ಲ.

ಈಗ ಕಿಡ್ನಿಯ ಗಂಟಿನೊಳಗೆ ನಿಂತು ನೋಡಿ. ಬೇಧಿಯಿಂದ ನೀರು ಹೋಯಿತು, ಮೂತ್ರದ ಮಾತ್ರೆ ಇನ್ನಷ್ಟು ಕಳಿಸಿತು, ಒಟ್ಟು ರಕ್ತವೇ ಕಮ್ಮಿ. ಒಳಬಾಗಿಲನ್ನು ತೆರೆದು ಹಿಡಿಯಬೇಕಿದ್ದ ಪ್ರೊಸ್ಟಗ್ಲ್ಯಾಂಡಿನ್ ಐಬುಪ್ರೊಫೇನ್‌ನಿಂದಾಗಿ ಇಲ್ಲ, ಬಾಗಿಲು ಕಿರಿದಾಯಿತು. ಸರಿ, ಹೊರಬಾಗಿಲನ್ನಾದರೂ ಬಿಗಿದು ಒತ್ತಡ ಉಳಿಸೋಣ ಎಂದರೆ ಅದಕ್ಕೆ ಬೇಕಾದ ಆಂಜಿಯೊಟೆನ್ಸಿನ್ ಎನಲಾಪ್ರಿಲ್‌ನಿಂದಾಗಿ ಇಲ್ಲ, ಅದು ಸಡಿಲವಾಗೇ ಇದೆ. ಒಳಗೆ ಬರುವುದು ಕಮ್ಮಿ, ಹೊರಗೆ ಹೋಗುವುದು ಸರಾಗ, ನಡುವೆ ಒತ್ತಡವೇ ನಿಲ್ಲುತ್ತಿಲ್ಲ. ಸೋಸುವುದು ಕುಸಿಯಿತು. ಮೂರು ಮಾತ್ರೆಗಳಲ್ಲಿ ಯಾವುದೂ ಕಿಡ್ನಿಯ ಕೋಶಕ್ಕೆ ವಿಷ ಹಾಕಿಲ್ಲ. ಮೂರೂ ಸೇರಿ ನಲ್ಲಿಯನ್ನು ನಿಲ್ಲಿಸಿವೆ, ಅಷ್ಟೇ. ಈ ಮೂರರ ಕೂಟಕ್ಕೆ ವೈದ್ಯರ ನಡುವೆ ತ್ರಿವಳಿ ಏಟು ಎನ್ನುವಂಥ ಅಡ್ಡಹೆಸರೇ ಇದೆ.

ಬುಧವಾರದ ಹೊತ್ತಿಗೆ ಅಜ್ಜಿಗೆ ವಿಪರೀತ ಸುಸ್ತು. ಬೆಳಗ್ಗೆಯಿಂದ ಒಂದೇ ಸಲ ಮೂತ್ರ, ಅದೂ ಸ್ವಲ್ಪ, ಗಾಢ ಬಣ್ಣ. ನೋವು? ಎಲ್ಲೂ ಇಲ್ಲ. ಹೀಗೆ ಸೋಸುವುದು ನಿಂತಾಗ ಕಿಡ್ನಿ ನೋಯುವುದಿಲ್ಲ. ಸೊಂಟ ನೋವು ಬಂದರೆ ಕಿಡ್ನಿ ಅಂತ ಹೆದರುವ ನಾವು, ಕಿಡ್ನಿಗೆ ನಿಜವಾಗಿ ಏಟು ಬಿದ್ದಾಗ ಆರಾಮಾಗಿರುತ್ತೇವೆ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 2.3, ಪೊಟ್ಯಾಸಿಯಂ 5.8. ಈ ಎರಡನೇ ಅಂಕಿಯೇ ಹೆಚ್ಚು ಆತಂಕದ್ದು, ಪೊಟ್ಯಾಸಿಯಂ ಇನ್ನೂ ಏರಿದರೆ ಹೃದಯದ ಬಡಿತ ತಪ್ಪುತ್ತದೆ. ಸೋಸುವುದು ಕಮ್ಮಿಯಾದದ್ದರಿಂದ ಮಾತ್ರ ಅದು ಏರಿದ್ದಲ್ಲ. ಪೊಟ್ಯಾಸಿಯಂ ಹೊರಹಾಕು ಅಂತ ಕಿಡ್ನಿಗೆ ಹೇಳುವ ಹಾರ್ಮೋನನ್ನು ಐಬುಪ್ರೊಫೇನ್ ಮತ್ತು ಎನಲಾಪ್ರಿಲ್ ಎರಡೂ ತಗ್ಗಿಸುತ್ತವೆ.

ಕ್ರಿಯಾಟಿನಿನ್ ಬಗ್ಗೆ ಒಂದು ಮಾತು. ಇದು ಸ್ನಾಯುಗಳಿಂದ ದಿನಾ ಬರುವ ಕೊಳೆ, ಕಿಡ್ನಿ ಅದನ್ನು ಸೋಸುತ್ತದೆ. ಸೋಸುವುದು ಇವತ್ತು ಬೆಳಗ್ಗೆ ಅರ್ಧಕ್ಕೆ ಬಿದ್ದರೆ ಕ್ರಿಯಾಟಿನಿನ್ ಇವತ್ತು ಮಧ್ಯಾಹ್ನವೇ ಎರಡರಷ್ಟು ಆಗುವುದಿಲ್ಲ. ಗುಡಿಸದೆ ಬಿಟ್ಟ ಮನೆಯಲ್ಲಿ ಕಸ ಮೊದಲ ಗಂಟೆಯಲ್ಲೇ ಕಾಣುತ್ತದೆಯೇ? ಒಂದೆರಡು ದಿನ ಬೇಕು. ಹಾಗಾಗಿ ಬೇಧಿ ಶುರುವಾದ ದಿನವೇ ಪರೀಕ್ಷೆ ಮಾಡಿಸಿ ವರದಿ ಚೆನ್ನಾಗಿದೆ ಎಂದರೆ ಅದನ್ನೇ ನಂಬಿ ಕೂರುವಂತಿಲ್ಲ. ಮೂತ್ರ ಕಮ್ಮಿಯಾಗುವುದು ಅದಕ್ಕಿಂತ ಮೊದಲೇ ಕಾಣುವ ಗುರುತು.

ಆಸ್ಪತ್ರೆಯಲ್ಲಿ ಮಾಡುವುದು ಬಹಳ ಸರಳ. ಮೂರೂ ಮಾತ್ರೆ ನಿಲ್ಲಿಸುತ್ತಾರೆ, ಡ್ರಿಪ್ ಹಾಕಿ ಕಳೆದುಹೋದ ನೀರು ಉಪ್ಪು ತುಂಬುತ್ತಾರೆ, ಪೊಟ್ಯಾಸಿಯಂ ಇಳಿಸುತ್ತಾರೆ, ಇಸಿಜಿ ನೋಡುತ್ತಾರೆ. ಐಬುಪ್ರೊಫೇನ್ ದೇಹದಿಂದ ಹೊರಬಿದ್ದಂತೆ ಕಾಕ್ಸ್ ಮತ್ತೆ ಕೆಲಸ ಶುರುಮಾಡುತ್ತದೆ, ಬಾಗಿಲು ತೆರೆಯುತ್ತದೆ. ನಮ್ಮ ಅಜ್ಜಿಯ ಕ್ರಿಯಾಟಿನಿನ್ ವಾರದೊಳಗೆ 1.0ಕ್ಕೆ ಬಂತು ಎಂದಿಟ್ಟುಕೊಳ್ಳಿ. ಬೇಗ ಹಿಡಿದರೆ ಸಾಮಾನ್ಯವಾಗಿ ಹೀಗೇ ಮುಗಿಯುತ್ತದೆ. ತಡವಾದರೆ, ರಕ್ತ ಸಾಲದ ಕಿಡ್ನಿಯ ಕೋಶಗಳು ಸಾಯಲು ಶುರುವಾಗುತ್ತವೆ, ಆಗ ಚೇತರಿಸಿಕೊಳ್ಳಲು ವಾರಗಳೇ ಬೇಕು, ಕೆಲವರಿಗೆ ಪೂರ್ತಿ ವಾಪಸ್ ಬರುವುದೂ ಇಲ್ಲ. ಮೊದಲೇ ಕಿಡ್ನಿ ಸೋತವರಲ್ಲಿ, ಹೃದಯ ಅಥವಾ ಲಿವರ್ ಸೋತವರಲ್ಲಿ ಒಳಬಾಗಿಲು ದಿನಾಲೂ ಪ್ರೊಸ್ಟಗ್ಲ್ಯಾಂಡಿನ್ ಆಸರೆಯಲ್ಲೇ ನಿಂತಿರುತ್ತದೆ, ಅವರಿಗೆ ಬೇಧಿ ಬರುವುದೂ ಬೇಕಿಲ್ಲ.

ಹೀಗೆ ದಿಢೀರ್ ಅಂತ ಆಗದ ತೊಂದರೆಯೂ ಇದೆ. ಪ್ರೊಸ್ಟಗ್ಲ್ಯಾಂಡಿನ್ ಕಿಡ್ನಿಯಿಂದ ಉಪ್ಪು ಹೊರಹಾಕಿಸುತ್ತದೆ. ಅದು ಇಲ್ಲದಿದ್ದರೆ ಉಪ್ಪು, ಅದರ ಹಿಂದೆ ನೀರು, ಮೈಯಲ್ಲೇ ನಿಲ್ಲುತ್ತವೆ. ನೋವಿನ ಮಾತ್ರೆ ಶುರುಮಾಡಿದ ವಾರದಲ್ಲಿ ಪಾದ ಊದಿಕೊಂಡಿತು, ತೂಕ ಎರಡು ಕಿಲೋ ಏರಿತು, ಹತೋಟಿಯಲ್ಲಿದ್ದ ಬಿಪಿ ಸುಮ್ಸುಮ್ನೆ ಮೇಲೆ ಹೋಯಿತು ಅನ್ನುವವರ ಕಥೆ ಇದು. ಬಿಪಿ ಮಾತ್ರೆಯ ಡೋಸ್ ಏರಿಸುವ ಮೊದಲು ನೋವಿನ ಮಾತ್ರೆ ತಿನ್ನುತ್ತಿದ್ದಾರೆಯೇ ಅಂತ ಕೇಳಬೇಕಾದದ್ದು ಇದಕ್ಕೇ.

ಇಷ್ಟೆಲ್ಲ ಗೊತ್ತಿದ್ದೂ ಹೊಟ್ಟೆ, ಕಿಡ್ನಿ ಬಿಟ್ಟು ಮಂಡಿಗೆ ಮಾತ್ರ ಕೆಲಸ ಮಾಡುವ ಔಷಧ ಯಾಕೆ ಮಾಡಲಿಲ್ಲ? ಮಾಡಲು ನೋಡಿದರು. 1990ರ ದಶಕದ ಆರಂಭದಲ್ಲಿ ಕಾಕ್ಸ್ ಎರಡು ಬಗೆ ಅಂತ ತಿಳಿಯಿತು. ಕಾಕ್ಸ್-1 ಹೊಟ್ಟೆಯಲ್ಲಿ, ಪ್ಲೇಟ್ಲೆಟ್‌ನಲ್ಲಿ ಯಾವಾಗಲೂ ಇರುವುದು, ಕಾಕ್ಸ್-2 ಮುಖ್ಯವಾಗಿ ಗಾಯ, ಊತ ಇದ್ದಲ್ಲಿ ಎದ್ದು ಬರುವುದು. ಕಾಕ್ಸ್-2ರ ಸುರಂಗ ಸ್ವಲ್ಪ ಅಗಲ, ಪಕ್ಕದಲ್ಲಿ ಒಂದು ಜೇಬೂ ಇದೆ. ಆ ಜೇಬಿಗೆ ಸರಿಯಾಗಿ ಕೂರುವ, ಕಾಕ್ಸ್-1ರ ಕಿರಿದಾದ ಸುರಂಗಕ್ಕೆ ಸುಲಭವಾಗಿ ಹಿಡಿಸದ ಔಷಧ ಮಾಡಿದರು. ಸೆಲೆಕಾಕ್ಸಿಬ್, ರೋಫೆಕಾಕ್ಸಿಬ್ ಬಂದದ್ದು ಹೀಗೆ. ಹೊಟ್ಟೆಯ ಹುಣ್ಣು ನಿಜಕ್ಕೂ ಕಮ್ಮಿಯಾಯಿತು. ಆದರೆ ರೋಫೆಕಾಕ್ಸಿಬ್‌ನಿಂದ ಹೃದಯಾಘಾತ ಹೆಚ್ಚುತ್ತದೆ ಅಂತ ಗೊತ್ತಾಗಿ 2004ರಲ್ಲಿ ಅದನ್ನು ವಾಪಸ್ ತೆಗೆದರು. ಇನ್ನು ಕಿಡ್ನಿ? ಅಲ್ಲಿ ಕಾಕ್ಸ್-2 ಗಾಯವಾದಾಗ ಮಾತ್ರ ಬರುವ ಅತಿಥಿಯಲ್ಲ, ಮನೆಯವನೇ. ಹಾಗಾಗಿ ಹೊಟ್ಟೆಗೆ ಮೃದು ಅನ್ನುವ ಈ ಮಾತ್ರೆಗಳು ಕಿಡ್ನಿಗೆ ಅಷ್ಟೇನೂ ಮೃದು ಅಲ್ಲ.

ಗರ್ಭದೊಳಗಿನ ಮಗುವಿನ ಕಿಡ್ನಿಗೂ ಇದೇ ನಿಯಮ. ನಾಲ್ಕೈದು ತಿಂಗಳಾದ ಮೇಲೆ ಮಗುವಿನ ಸುತ್ತಲಿನ ನೀರಿನಲ್ಲಿ ಬಹುಪಾಲು ಮಗುವಿನದೇ ಮೂತ್ರ. ತಾಯಿ ನುಂಗಿದ ಐಬುಪ್ರೊಫೇನ್ ಮಗುವನ್ನು ತಲುಪಿ ಅದರ ಮೂತ್ರ ಕಮ್ಮಿ ಮಾಡಿದರೆ ಆ ನೀರೂ ಇಳಿಯುತ್ತದೆ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 20 ವಾರದ ನಂತರ ಈ ಮಾತ್ರೆಗಳು ಬೇಡ ಅಂತ ಎಚ್ಚರಿಸಿದ್ದಕ್ಕೆ ಕಾರಣ ಇದೇ.

ಮತ್ತೆ ನಮ್ಮ ಅಜ್ಜಿಗೆ. ಮನೆಗೆ ಕಳಿಸುವಾಗ ವೈದ್ಯರು ಏನು ಹೇಳುತ್ತಾರೆ? ಬಿಪಿ ಮಾತ್ರೆಗಳನ್ನು ಯಾವಾಗ ಮತ್ತೆ ಶುರುಮಾಡಬೇಕು ಅನ್ನುವುದನ್ನು ಅವರೇ ರಕ್ತ ಪರೀಕ್ಷೆ ನೋಡಿ ತೀರ್ಮಾನಿಸುತ್ತಾರೆ. ಮುಂದೆ ಎಂದಾದರೂ ವಾಂತಿ ಬೇಧಿ ಬಂದರೆ ಬಿಪಿಯ ಮಾತ್ರೆ ಆ ದಿನ ಬೇಕೋ ಬೇಡವೋ ಅಂತ ಫೋನ್ ಮಾಡಿ ಕೇಳಲು ಹೇಳುತ್ತಾರೆ. ಜ್ವರ ಮೈಕೈ ನೋವಿಗೆ ಪ್ಯಾರಾಸಿಟಮಾಲ್, ಅದು ಹೊಟ್ಟೆ, ಕಿಡ್ನಿಗಳ ಪ್ರೊಸ್ಟಗ್ಲ್ಯಾಂಡಿನ್ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ, ಮಿತಿ ಮೀರಿದರೆ ಲಿವರ್ ಕೆಡುತ್ತದೆ ಅನ್ನುವುದು ಬೇರೆ. ಮಂಡಿಗೆ ಮೇಲೆ ಹಚ್ಚುವ ಜೆಲ್ ಕೊಡುತ್ತಾರೆ, ಅದರಿಂದ ರಕ್ತಕ್ಕೆ ಸೇರುವುದು ಮಾತ್ರೆಗಿಂತ ಬಹಳ ಕಮ್ಮಿ. ಮನೆಯಲ್ಲಿರುವ ಮಾತ್ರೆ ಪಟ್ಟಿಗಳನ್ನೆಲ್ಲ ತಂದು ತೋರಿಸಿ ಅನ್ನುತ್ತಾರೆ. ತರುತ್ತಾರೆ. ಐಬುಪ್ರೊಫೇನ್ ಪಕ್ಕದಲ್ಲೇ ಬೆನ್ನುನೋವಿಗೆ ಅಂತ ಇನ್ಯಾರೋ ಬರೆದ ಡೈಕ್ಲೋಫೆನಾಕ್ ಪಟ್ಟಿ ಇರುತ್ತದೆ, ಅದರಲ್ಲಿ ನಾಲ್ಕು ಖಾಲಿ. ಹೆಸರು ಬೇರೆ ಅಂತ ಅಜ್ಜಿ ಅದನ್ನು ಬೇರೆ ಔಷಧ ಎಂದುಕೊಂಡಿದ್ದರು. ಅದೂ ಹೋಗಿ ಕೂರುವುದು ಅದೇ ಸುರಂಗದಲ್ಲಿ.